ಮೂತ್ರಪಿಂಡದ ಕಾಯಿಲೆಯ ನಾಯಿಗಳ ಒಣ ಆಹಾರ: 14 ತಿಂಗಳ ಬಳಕೆಯ ಬಳಿಕ

ಬದಿಯಡ್ಕದ ಸಮೀಪದ ನಮ್ಮ ಮನೆಯ ಕಾಳನಿಗೆ 11 ವರ್ಷ ತುಂಬಿದ ಬೇಸಿಗೆಯಲ್ಲಿ ಅವನ ನೀರಿನ ಬೋಗುಣಿ ಬೇಗಬೇಗನೆ ಬರಿದಾಗತೊಡಗಿತು. ಸೆಕೆಯೇ ಕಾರಣವೆಂದುಕೊಂಡಿದ್ದೆ. ಮಳೆಗಾಲ ಹಿಡಿದ ಮೇಲೂ ಅದು ಕಡಿಮೆಯಾಗದಿದ್ದಾಗ ಅಳೆದು ನೋಡಿದರೆ, 18 ಕಿಲೋ ತೂಕದ ನಾಯಿ ದಿನಕ್ಕೆ 2 ಲೀಟರ್ ಕುಡಿಯುತ್ತಿತ್ತು. ದೇಹತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ಮೀರಿದರೆ ಪರೀಕ್ಷೆ ಮಾಡಿಸಲೇಬೇಕೆಂದರು ಪಶುವೈದ್ಯರು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 2.1, ರಂಜಕ 5.4 ಇತ್ತು, ಮೂತ್ರ ನೀರಿನಂತೆ ತೆಳುವಾಗಿತ್ತು. ಇಲಿಜ್ವರವೂ ಮೂತ್ರಪಿಂಡವನ್ನು ಕೆಡಿಸಬಹುದಾದ್ದರಿಂದ ಅದಿಲ್ಲವೆಂದು ಖಚಿತಪಡಿಸಿಕೊಂಡು, ಮೂರು ವಾರಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸಿ, ದೀರ್ಘಕಾಲದ ಕಾಯಿಲೆಯ ಎರಡನೆಯ ಹಂತವೆಂದು ಅವರು ನಿರ್ಧರಿಸಿದರು.

ಅಂದಿನಿಂದ ಕೊಡುತ್ತಿರುವ ಈ ಆಹಾರದಲ್ಲಿ ರಂಜಕ ಕಡಿಮೆ, ಪ್ರೋಟೀನ್ ಮಿತ. ಹಳೆಯ ಊಟದೊಂದಿಗೆ ಸ್ವಲ್ಪಸ್ವಲ್ಪವೇ ಬೆರೆಸುತ್ತ ಪೂರ್ತಿ ಬದಲಾಯಿಸಲು ಎರಡು ವಾರ ಹಿಡಿಯಿತು. ಬಿಸಿನೀರು ಚಿಮುಕಿಸಿ ಪರಿಮಳ ಬರಿಸದಿದ್ದರೆ ಅವನು ಮೂಸಿಯೂ ನೋಡುತ್ತಿರಲಿಲ್ಲ.

ಎರಡು ತಿಂಗಳಾದರೂ ರಂಜಕ 5.1ಕ್ಕಷ್ಟೇ ಇಳಿದಾಗ ನಾನು ಆಹಾರವನ್ನೇ ಸಂಶಯಿಸಿದೆ. ಆದರೆ ದೋಷ ಆಹಾರದ್ದಾಗಿರಲಿಲ್ಲ. ಹಸಿವು ಕಡಿಮೆಯಾದ ನಾಯಿಯನ್ನು ಕಂಡು ಮರುಗಿ ಅಮ್ಮ ದಿನವೂ ಬೂತಾಯಿಯ ತಲೆ ಹಾಕುತ್ತಿದ್ದರು. ಮೀನಿನ ಮುಳ್ಳಿನಲ್ಲಿ ರಂಜಕ ಧಾರಾಳವಾಗಿರುತ್ತದೆ. ಅದನ್ನು ನಿಲ್ಲಿಸಿದ ಮೇಲಿನ ಪರೀಕ್ಷೆಯಲ್ಲಿ ಅದು 4.3ಕ್ಕೆ ಬಂತು. ಈ ಹಂತದಲ್ಲಿ 4.6ರ ಒಳಗಿರಬೇಕೆಂಬುದು ವೈದ್ಯರ ಗುರಿಯಾಗಿತ್ತು.

ಇದಕ್ಕಿಂತ ದೊಡ್ಡ ತಪ್ಪು ನನ್ನದೇ. ಒಂಬತ್ತನೆಯ ತಿಂಗಳಲ್ಲಿ ಕ್ರಿಯಾಟಿನಿನ್ 1.8ಕ್ಕೆ ಇಳಿದಾಗ ಗುಣವಾಗುತ್ತಿದೆಯೆಂದು ನಾವೆಲ್ಲ ಸಂತೋಷಪಟ್ಟೆವು. ವೈದ್ಯರು ಮಾತ್ರ ಕಾಳನ ಬೆನ್ನುಮೂಳೆಯ ಮೇಲೆ ಕೈಯಾಡಿಸಿ ತೂಕ ನೋಡಿದರು: 15.8 ಕಿಲೋ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸ್ನಾಯು ಕರಗಿದರೆ ಮೂತ್ರಪಿಂಡ ಸುಧಾರಿಸದೆಯೂ ಆ ಸಂಖ್ಯೆ ಇಳಿಯುತ್ತದೆ. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ, ಮೂತ್ರಪಿಂಡ ಕುಂದಿದಷ್ಟೂ ಸಂಖ್ಯೆ ಏರುವ ಎಸ್‌ಡಿಎಂಎ ಪರೀಕ್ಷೆಯಲ್ಲಿ ಮೊದಲಿನ 19 ಈಗ 24 ಆಗಿತ್ತು. ಚೀಟಿಯಲ್ಲಿ ದಿನಕ್ಕೆ 230 ಗ್ರಾಂ ಎಂದಿದ್ದರೂ ನಾನು ಲೋಟದಲ್ಲಿ ಅಂದಾಜಿಗೆ ಅಳೆಯುತ್ತಿದ್ದೆ. ತಕ್ಕಡಿಯಲ್ಲಿಟ್ಟು ನೋಡಿದಾಗ ಅದು 160 ಗ್ರಾಂ ಮಾತ್ರ ಇತ್ತು. ನನ್ನ ಅಜಾಗ್ರತೆಯಿಂದ ಅವನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದನೆಂಬುದು ಇಂದಿಗೂ ನೋಯಿಸುತ್ತದೆ. ತೂಗಿ, ಮೂರು ಹೊತ್ತಿಗೆ ಹಂಚಿ ಕೊಡತೊಡಗಿದ ಮೇಲೆ ತೂಕ 16.9 ಕಿಲೋಗೆ ಏರಿದೆ.

ಬೆಲೆ ಸಾಮಾನ್ಯ ನಾಯಿ ಆಹಾರದ ಎರಡು ಪಟ್ಟಿಗೂ ಮಿಕ್ಕು. 2 ಕಿಲೋ ಚೀಲ ಒಂಬತ್ತು ದಿನವೂ ಪೂರ್ತಿ ಬರುವುದಿಲ್ಲ, ಮಂಗಳೂರಿನಿಂದ ತರಿಸಬೇಕು. ಆದರೂ ರಂಜಕವನ್ನು ಇಳಿಸುವ ಕೆಲಸವನ್ನು ಅದು ಮಾಡಿದೆಯಾದ್ದರಿಂದ ಮುಂದುವರಿಸುತ್ತೇನೆ. ಕಾಯಿಲೆಯನ್ನು ಗುಣಪಡಿಸುವ ಶಕ್ತಿ ಅದಕ್ಕಿಲ್ಲ. ಈಗ ಪ್ರತಿ ಭಾನುವಾರ ತೂಕ ಬರೆದಿಡುತ್ತೇನೆ. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರದಲ್ಲಿನ ಪ್ರೋಟೀನ್ ಮತ್ತು ರಕ್ತದೊತ್ತಡ ನೋಡಿಸುವಾಗ ಆ ಪುಸ್ತಕವನ್ನೂ ಒಯ್ಯುತ್ತೇನೆ. ವೈದ್ಯರು ಮೊದಲು ತೆರೆಯುವುದು ಅದನ್ನೇ.