ಮೂರು ಮಳೆಗಾಲ ಬಳಸಿದ ಲೆಕ್ಕದ ಆಪ್: ಕ್ರೆಡಿಟ್ ನೋಟ್ ಸರಿ, ರೀಫಂಡ್ ಬಟನ್ ಮಾತ್ರ ಹುಷಾರು

ಮಡಿಕೇರಿಯಲ್ಲಿ ನಮ್ಮದು ಸಣ್ಣ ಕಾಫಿಪುಡಿ ವ್ಯಾಪಾರ. ಬಿಲ್ಲಿಗೂ ಲೆಡ್ಜರ್‌ಗೂ ಮೂರು ವರ್ಷದಿಂದ ಒಂದೇ ಆಪ್ ಬಳಸುತ್ತಿದ್ದೇನೆ. ಬಿಲ್ ಮಾಡೋದು ಸಲೀಸು, ಅದರ ಬಗ್ಗೆ ದೂರಿಲ್ಲ. ತೊಂದರೆ ಶುರುವಾಗೋದು ಮಾಲು ವಾಪಸ್ ಬಂದಾಗ.

ಕಳೆದ ಜುಲೈನಲ್ಲಿ ಮೈಸೂರಿನ ಅಂಗಡಿಯೊಂದಕ್ಕೆ 40 ಕೆ.ಜಿ. ಪುಡಿ ಕಳಿಸಿದ್ದೆ. ಬೆಲೆ 20,000, ಮೇಲೆ 5% ಜಿಎಸ್‌ಟಿ, ಒಟ್ಟು 21,000. ಅವರು ಪೂರ್ತಿ ದುಡ್ಡು ಕೊಟ್ಟಿದ್ದರು. ಆದರೆ 6 ಕೆ.ಜಿ. ಪ್ಯಾಕೆಟ್ ದಾರಿಯಲ್ಲಿ ಮಳೆಗೆ ನೆನೆದು ಪುಡಿ ಗಂಟುಗಟ್ಟಿತ್ತು. ಅದೇ ತಿಂಗಳು 3,150 ರೂಪಾಯಿಗೆ ಕ್ರೆಡಿಟ್ ನೋಟ್ ಮಾಡಿದೆ. ಇಷ್ಟನ್ನು ಆಪ್ ಚೆನ್ನಾಗಿ ಮಾಡುತ್ತದೆ. ಹಳೇ ಬಿಲ್ಲನ್ನು ಮುಟ್ಟದೆ 3,000 ಮಾರಾಟ ವಾಪಸಿಗೆ, 150 ಜಿಎಸ್‌ಟಿಗೆ ಹಾಕಿತು. ತೆರಿಗೆ ನಮ್ಮ ಆದಾಯ ಅಲ್ಲವಲ್ಲ, ಹಾಗಾಗಿ ನಿವ್ವಳ ಮಾರಾಟ ಇಳಿದದ್ದು 3,000 ಮಾತ್ರ: 17,000. ಅಂಗಡಿಯವರ ಖಾತೆಯಲ್ಲಿ ನಾವು ಕೊಡಬೇಕಾದ 3,150 ಬಾಕಿ ಕಾಣಿಸಿತು.

ಆಗಸ್ಟ್‌ನಲ್ಲಿ ಅವರು, "2,000 ಈಗ ಹಾಕಿಬಿಡಿ, ಉಳಿದದ್ದು ಮುಂದಿನ ಬಿಲ್ಲಿಗೆ ಹಿಡ್ಕೊಳ್ಳಿ" ಅಂದರು. ಯುಪಿಐ ಮಾಡಿ, ಹಳೇ ಬಿಲ್ ತೆರೆದು 'ರೀಫಂಡ್' ಒತ್ತಿದೆ. ಎಡವಿದ್ದು ಅಲ್ಲೇ. ಆಪ್ ಆ 2,000ವನ್ನೂ ಮಾರಾಟ ವಾಪಸಿಗೇ ಬರೆಯಿತು. ಜುಲೈ ಸರಿಯಾಗಿಯೇ ಇತ್ತು, ಆಗಸ್ಟ್ ಮಾರಾಟ ಸುಮ್ನೆ 2,000 ಕಡಿಮೆಯಾಯಿತು.

ಗೊತ್ತಾದದ್ದು ಅಂಗಡಿಯ ಖಾತೆ ನೋಡಿದಾಗ. ದುಡ್ಡು ಕೊಟ್ಟ ಮೇಲೂ ಬಾಕಿ 3,150 ಹಾಗೇ ಕೂತಿತ್ತು. 1,150 ಇರಬೇಕಿತ್ತು. ನಮ್ಮ ಲೆಕ್ಕ ನೋಡುವವರು ಪರದೆ ನೋಡಿ, "ಪುಡಿ ವಾಪಸ್ ಬಂದದ್ದು ಒಂದೇ ಸಲ ಅಲ್ವಾ ಅಕ್ಕ, ಎರಡು ಸಲ ಯಾಕೆ ಕಳೆದಿದ್ದೀರಿ?" ಅಂದರು. ಮಾರಾಟ ಇಳಿಸುವುದು ಕ್ರೆಡಿಟ್ ನೋಟ್. ರೀಫಂಡ್ ಅಂದರೆ ಬ್ಯಾಂಕಿನಿಂದ ದುಡ್ಡು ಹೋಗಿ ಆ ಬಾಕಿ ತೀರುವುದು, ಅಷ್ಟೇ. ಅರ್ಧ ಕೊಟ್ಟರೂ, ಪೂರ್ತಿ ಕೊಟ್ಟರೂ, ಕೊಡದೆ ಮುಂದಿನ ಬಿಲ್ಲಿಗೆ ಹಿಡಿದರೂ ನಿವ್ವಳ ಮಾರಾಟ ಅದೇ 17,000.

ಈಗ ಆ ಬಟನ್ ಮುಟ್ಟುವುದಿಲ್ಲ. 'ಪಾವತಿ'ಗೆ ಹೋಗಿ ಅಂಗಡಿಯ ಖಾತೆ ಆರಿಸಿ, ಕ್ರೆಡಿಟ್ ನೋಟ್ ನಂಬರ್‌ಗೆ ಜೋಡಿಸುತ್ತೇನೆ. ಕ್ರೆಡಿಟ್ ನೋಟ್ ಇಲ್ಲದೆ ನೇರ ರೀಫಂಡ್ ಒತ್ತಿದರೆ ಇನ್ನೊಂದು ತರಲೆ: ಮಾರಾಟ ಇಳಿಯುತ್ತದೆ, ಜಿಎಸ್‌ಟಿ ಇಳಿಯುವುದಿಲ್ಲ. ಕೊಟ್ಟ ದುಡ್ಡಿನಲ್ಲಿದ್ದ ತೆರಿಗೆಯೂ ನಮ್ಮ ಮಾರಾಟದಿಂದಲೇ ಹೋಗುತ್ತದೆ.

ಇನ್ನೊಂದು ಕಿರಿಕಿರಿ ಇದೆ. ಕ್ರೆಡಿಟ್ ನೋಟ್ ಮಾಡಿದ ತಕ್ಷಣ ಆಪ್ ಆ 6 ಕೆ.ಜಿ.ಯನ್ನು ಸ್ಟಾಕಿಗೆ ಸೇರಿಸುತ್ತದೆ. ನಾವೋ ಆ ಪುಡಿಯನ್ನು ಗೊಬ್ಬರದ ಗುಂಡಿಗೆ ಸುರಿದಾಗಿತ್ತು. ಸೇವ್ ಮಾಡುವ ಮೊದಲು ಕೆಳಗಿನ ಟಿಕ್ ತೆಗೆಯಿರಿ.

ಐದಕ್ಕೆ ಮೂರೂವರೆ ಕೊಡ್ತೀನಿ.