ಎಬಿಟ್ಡಾ ನೋಡಿ ಕಂಪನಿ ಕೊಳ್ಳುವ ಮುನ್ನ: ನಿರ್ದೇಶಕರೊಬ್ಬರಿಗೆ ಬರೆದ ಪತ್ರ

ನಮ್ಮ ನಿರ್ದೇಶಕ ಮಂಡಳಿಯ ಸದಸ್ಯರೊಬ್ಬರಿಗೆ ಹಣಕಾಸು ಮುಖ್ಯಸ್ಥನಾಗಿ ನಾನು ಬರೆದ ಪತ್ರವಿದು. ಇಂಥದೇ ನಿರ್ಧಾರದ ಮುಂದೆ ಕುಳಿತಿರುವವರು ಓದಲೇಬೇಕು ಎನ್ನಿಸಿ ಹಂಚಿಕೊಳ್ಳುತ್ತಿದ್ದೇನೆ.

ಮಾನ್ಯರೇ,

ಖರೀದಿ ಪ್ರಸ್ತಾವದ ಮೊದಲ ಪುಟದಲ್ಲಿ ಎಬಿಟ್ಡಾ ಬದಲು ಕಾರ್ಯಾಚರಣೆ ಲಾಭವನ್ನು ಏಕೆ ಹಾಕಿದಿರಿ ಎಂದು ಕೇಳಿದ್ದೀರಿ. ಎಬಿಟ್ಡಾ ಎಂದರೆ ಬಡ್ಡಿ, ತೆರಿಗೆ, ಸವಕಳಿ, ವಜಾಗಳನ್ನು ಕಳೆಯುವ ಮುಂಚಿನ ಗಳಿಕೆ. ಸವಕಳಿ ಎಂದರೆ ಯಂತ್ರ, ಲಾರಿಗಳ ಬೆಲೆಯನ್ನು ಅವು ಬಾಳುವ ವರ್ಷಗಳಿಗೆ ಹಂಚಿ ಬರೆಯುವ ಖರ್ಚು; ವಜಾ ಎಂದರೆ ಕಣ್ಣಿಗೆ ಕಾಣದ ಆಸ್ತಿಗಳಿಗೆ ಅದೇ ಲೆಕ್ಕ. ಇವೆರಡನ್ನೂ ಎಬಿಟ್ಡಾದಿಂದ ಕಳೆದರೆ ಉಳಿಯುವುದು ಕಾರ್ಯಾಚರಣೆ ಲಾಭ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಕಣ್ಣಾರೆ ಕಂಡದ್ದನ್ನೇ ಉತ್ತರವಾಗಿ ಬರೆಯುತ್ತೇನೆ. ಅಂಕಿಗಳನ್ನು ಸರಳಗೊಳಿಸಿದ್ದೇನೆ, ನಡೆದದ್ದು ಹೀಗೆಯೇ.

ಸರಕು ಸಾಗಣೆಯ ಎರಡು ಸಂಸ್ಥೆಗಳು ಮಾರಾಟಕ್ಕಿದ್ದವು. ಎರಡರ ವಹಿವಾಟೂ ವರ್ಷಕ್ಕೆ 100 ಕೋಟಿ. ಒಂದರ ಬಳಿ ಸ್ವಂತ ಲಾರಿಗಳಿದ್ದವು. ಅದರ ಎಬಿಟ್ಡಾ 24 ಕೋಟಿ. ಇನ್ನೊಂದು ಪ್ರತಿ ಸರಕಿಗೂ ಹೊರಗಿನವರ ಲಾರಿಗಳಿಗೆ ಬಾಡಿಗೆ ಕೊಡುತ್ತಿತ್ತು. ಆ ಬಾಡಿಗೆ ನೇರವಾಗಿ ಖರ್ಚಿಗೆ ಸೇರುವುದರಿಂದ ಅದರ ಎಬಿಟ್ಡಾ 11 ಕೋಟಿ ಮಾತ್ರ. ನನ್ನ ಹಿಂದಿನ ಕಂಪನಿಯ ಮಂಡಳಿ ಮೊದಲನೆಯದನ್ನು ಎಬಿಟ್ಡಾದ ಆರು ಪಟ್ಟು ಬೆಲೆಗೆ, 144 ಕೋಟಿಗೆ ಕೊಂಡಿತು. ಅದರಲ್ಲಿ 90 ಕೋಟಿ ಸಾಲ, ಬಡ್ಡಿ ಶೇಕಡಾ 10.

ಲೆಕ್ಕಪತ್ರದಲ್ಲಿ ಸವಕಳಿ ಕಳೆದ ಮೇಲಿನ ಸಾಲನ್ನು ಯಾರೂ ಚರ್ಚೆಗೆ ತರಲಿಲ್ಲ. ಮೊದಲ ಸಂಸ್ಥೆಯ ಸವಕಳಿ 18 ಕೋಟಿ, ಉಳಿಯುವ ಕಾರ್ಯಾಚರಣೆ ಲಾಭ 6 ಕೋಟಿ. ಎರಡನೆಯದರ ಸವಕಳಿ 1 ಕೋಟಿ, ಕಾರ್ಯಾಚರಣೆ ಲಾಭ 10 ಕೋಟಿ. ಕೊಳ್ಳಲು ಮಾಡಿದ ಸಾಲದ ಬಡ್ಡಿಯೇ 9 ಕೋಟಿ. 6 ಕೋಟಿ ಗಳಿಸುವ ಸಂಸ್ಥೆ ಅದನ್ನು ಹೊರಲಾರದು ಎಂಬುದು ಸಹಿ ಹಾಕಿದ ದಿನವೇ ಪುಸ್ತಕದಲ್ಲಿತ್ತು.

‘ಸವಕಳಿ ಕಾಗದದ ಮೇಲಿನ ಖರ್ಚು, ನಗದು ಹೊರಗೆ ಹೋಗುವುದಿಲ್ಲ’ ಎಂಬ ಮಾತು ಆ ಸಭೆಯಲ್ಲಿ ಮತ್ತೆ ಮತ್ತೆ ಬಂತು. ಈ ವರ್ಷ ಹೋಗುವುದಿಲ್ಲ, ನಿಜ. ಆದರೆ ಲಾರಿ ಕೊಂಡಾಗ ಹೋಗಿರುತ್ತದೆ, ಬದಲಿಸುವಾಗ ಮತ್ತೆ ಹೋಗುತ್ತದೆ. ಆರು ವರ್ಷ ಬಾಳುವ ಲಾರಿಗಳಿಗೆ ಸರಾಸರಿ ನಾಲ್ಕು ವರ್ಷ ತುಂಬಿತ್ತು. ಹೊಸ ಲಾರಿಗಳ ಬೆಲೆ ಏರಿದ್ದರಿಂದ ಬದಲಿಸಲು ವರ್ಷಕ್ಕೆ 20 ಕೋಟಿ ಬೇಕಾಯಿತು. 24ರಲ್ಲಿ 20 ಕಳೆದು, 9 ಬಡ್ಡಿ ಕಟ್ಟಿದರೆ 5 ಕೋಟಿ ಕೊರತೆ. ಅಸಲಿನ ಮಾತು ಬೇರೆಯೇ.

ಬ್ಯಾಂಕೂ ಎಚ್ಚರಿಸಲಿಲ್ಲ. ಸಾಲವು ಎಬಿಟ್ಡಾದ ನಾಲ್ಕು ಪಟ್ಟು ಮೀರಬಾರದು ಎಂಬುದು ಅದರ ಷರತ್ತು. 90 ಕೋಟಿ 3.75 ಪಟ್ಟಷ್ಟೇ. ಆಡಳಿತ ವರ್ಗ ಲಾರಿ ಬದಲಿಸುವುದನ್ನು ಮುಂದೂಡಿತು. ಹಳೆಯ ಲಾರಿಗಳು ದಾರಿಯಲ್ಲಿ ಕೆಟ್ಟು ನಿಲ್ಲತೊಡಗಿದವು. ದುರಸ್ತಿಯ ಖರ್ಚಿಗೆ ಎಬಿಟ್ಡಾದಲ್ಲಿ ವಿನಾಯಿತಿಯಿಲ್ಲ, ಹಾಗಾಗಿ ಎಬಿಟ್ಡಾ 20 ಕೋಟಿಗೆ ಇಳಿಯಿತು. ಸಾಲದ ಪ್ರಮಾಣ 4.5 ಪಟ್ಟಾಗಿ ಷರತ್ತು ಮುರಿಯಿತು. ಕೊನೆಗೆ ಆ ಘಟಕವನ್ನು ಸಿಕ್ಕ ಬೆಲೆಗೆ ಮಾರಿದರು. ಅಲ್ಲಿ ಕೆಲಸ ಕಳೆದುಕೊಂಡವರಲ್ಲಿ ಹಲವರು ನನಗೆ ಗೊತ್ತು. ಅದಕ್ಕೇ ಈ ವಿಷಯದಲ್ಲಿ ಹಟ ಹಿಡಿಯುತ್ತೇನೆ.

ಹಾಗೆಂದು ಎಬಿಟ್ಡಾ ನಿಷ್ಪ್ರಯೋಜಕ ಎನ್ನುತ್ತಿಲ್ಲ. ಒಂದು ಕಂಪನಿಯನ್ನು ಕೊಂಡಾಗ ಅದರ ಗ್ರಾಹಕ ಸಂಬಂಧಗಳಿಗೆ ಲೆಕ್ಕದಲ್ಲಿ ಬೆಲೆ ಕಟ್ಟಿ, ವರ್ಷವರ್ಷವೂ ಅಷ್ಟಷ್ಟು ವಜಾ ಮಾಡುತ್ತಾರೆ. ಆ ಸಂಬಂಧಗಳನ್ನು ಯಾರೂ ಲಾರಿಯಂತೆ ಮತ್ತೆ ಕೊಳ್ಳುವುದಿಲ್ಲ. ಗ್ರಾಹಕರನ್ನು ಉಳಿಸಿಕೊಳ್ಳುವ ವೆಚ್ಚ ಮಾರಾಟ ವಿಭಾಗದ ಖರ್ಚಿನಲ್ಲಿ ಆಗಲೇ ಸೇರಿದೆ. ಅಂಥಲ್ಲಿ ಕಾರ್ಯಾಚರಣೆ ಲಾಭ ವ್ಯವಹಾರವನ್ನು ಇರುವುದಕ್ಕಿಂತ ಬಡವಾಗಿ ತೋರಿಸುತ್ತದೆ, ಎಬಿಟ್ಡಾ ಸತ್ಯಕ್ಕೆ ಹತ್ತಿರ. ಆದರೆ ಅದೇ ಕಂಪನಿ ತನ್ನ ತಂತ್ರಾಂಶ ಬರೆಯುವವರ ಸಂಬಳವನ್ನು ಆಸ್ತಿಯೆಂದು ದಾಖಲಿಸುತ್ತಿದ್ದರೆ, ಅದರ ವಜಾವನ್ನು ಗಳಿಕೆಗೆ ಮರಳಿ ಕೂಡಿಸಲು ಬಿಡಬೇಡಿ. ಆ ಸಂಬಳ ಪ್ರತಿ ತಿಂಗಳೂ ಕೊಡಲೇಬೇಕಾದದ್ದು.

ಇನ್ನೊಂದು ಕಡೆಯೂ ಕಣ್ಣಿಡಿ. 2019ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಫ್‌ಆರ್‌ಎಸ್ 16ರ ಪ್ರಕಾರ, ಬಹುತೇಕ ದೀರ್ಘಾವಧಿ ಗುತ್ತಿಗೆಗಳ ಬಾಡಿಗೆ ಖರ್ಚಿನ ಸಾಲಿನಿಂದ ಹೊರಬಂದು ಸವಕಳಿ ಮತ್ತು ಬಡ್ಡಿಯಾಗಿ ಹಂಚಿಹೋಗುತ್ತದೆ. ಕಟ್ಟಡ ಅದೇ, ಕೊಡುವ ಹಣ ಅದೇ, ಎಬಿಟ್ಡಾ ಮಾತ್ರ ಏರುತ್ತದೆ. ನಿಯಮಕ್ಕೆ ಮುಂಚಿನ ವರ್ಷಗಳ ಜೊತೆ ಹೋಲಿಸಿ ‘ಪ್ರಗತಿ’ ತೋರಿಸಿದರೆ ನಂಬಬೇಡಿ.

ಈಗ ನಮ್ಮ ಮುಂದಿರುವ ಸಂಸ್ಥೆ ಯಂತ್ರಗಳನ್ನು ಬಾಡಿಗೆಗೆ ಕೊಡುವಂಥದು. ಯಂತ್ರ ಸವೆದರೆ ಅಲ್ಲಿ ವ್ಯಾಪಾರವೇ ಇಲ್ಲ. ಕಾರ್ಯಾಚರಣೆ ಲಾಭವನ್ನು ಮುಂದಿಟ್ಟದ್ದು ಅದಕ್ಕೇ. ಮಾರಾಟಗಾರರಿಂದ ಪ್ರತಿ ಯಂತ್ರದ ವಯಸ್ಸು, ಕಳೆದ ಐದು ವರ್ಷ ಬದಲಿ ಯಂತ್ರಗಳಿಗೆ ನಿಜಕ್ಕೂ ತೆತ್ತ ಹಣ, ಆಯಾ ವರ್ಷದ ಸವಕಳಿ ಇವುಗಳನ್ನು ಕೇಳಿದ್ದೇನೆ. ತೆತ್ತ ಹಣ ಸವಕಳಿಗಿಂತ ವರ್ಷಾನುಗಟ್ಟಲೆ ಕಡಿಮೆಯಿದ್ದರೆ ಅವರು ಬದಲಾವಣೆಯನ್ನು ಮುಂದೂಡುತ್ತಿದ್ದಾರೆ ಎಂದೇ ಅನುಮಾನಿಸಬೇಕು, ಆ ಬಾಕಿಯನ್ನು ಬೆಲೆಯಲ್ಲಿ ಕಡಿತ ಮಾಡಬೇಕು. ಉತ್ತರ ಬರುವವರೆಗೆ ಪ್ರಸ್ತಾವವನ್ನು ಮತಕ್ಕೆ ಹಾಕಬಾರದೆಂದು ನನ್ನ ವಿನಂತಿ.

ಇಂತಿ,
ಹಣಕಾಸು ಮುಖ್ಯಸ್ಥ