ಲಾಕರ್ ಇಟ್ಟವರೇ, ಪಾಸ್‌ಬುಕ್ಕಿನ ನಾಮಿನಿ ಸೀಲ್ ನಂಬಬೇಡಿ

ಹಾಸನದಲ್ಲಿ, ಹಾಸನ ಯಾಕೆ, ಎಲ್ಲೇ ಆಗಲಿ ಬ್ಯಾಂಕ್ ಲಾಕರ್ ಇಟ್ಟಿದ್ದರೆ ನಾಳೆನೇ ಹೋಗಿ ಒಂದು ಮಾತು ಕೇಳಿ. ನನ್ನ ಲಾಕರ್‌ಗೆ ನಾಮಿನಿ ಯಾರು ಅಂತ. ಅಕೌಂಟ್‌ಗೆ ಅಲ್ಲ, ಲಾಕರ್‌ಗೆ. ಮತ್ತೆ ಹೇಳ್ತೀನಿ, ಲಾಕರ್‌ಗೆ.

ಅಪ್ಪ ತೀರಿಕೊಂಡ ಮೇಲೆ ಕಾರ್ಯ ಎಲ್ಲ ಮುಗಿಸಿ ಅಮ್ಮನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಲಾಕರ್ ಅಪ್ಪ ಒಬ್ಬರ ಹೆಸರಲ್ಲೇ ಇತ್ತು. ಕೀ ಇತ್ತು, ಡೆತ್ ಸರ್ಟಿಫಿಕೇಟ್ ಇತ್ತು, ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ನಾಮಿನೇಷನ್ ಆಗಿದೆ ಅಂತ ಸೀಲ್ ಇತ್ತು. ಇನ್ನೇನು ಬೇಕು ಅಲ್ವಾ? ಆಫೀಸರ್ ಕಂಪ್ಯೂಟರ್ ನೋಡಿ, ಪಾಸ್‌ಬುಕ್ ವಾಪಸ್ ತಳ್ಳಿ, "ಇದು ಎಸ್‌ಬಿ ಅಕೌಂಟ್ ನಾಮಿನೇಷನ್ ಸಾರ್. ಲಾಕರ್‌ಗೆ ಬೇರೆ ಫಾರಂ ಇದೆ, ಎಸ್‌ಎಲ್ ಒನ್. ಅದು ನಿಮ್ಮ ತಂದೆ ಕೊಟ್ಟೇ ಇಲ್ಲ" ಅಂದರು.

ನನಗೆ ಉರಿದಿದ್ದು ಇಲ್ಲಿ. 2023ರಲ್ಲಿ ಇದೇ ಬ್ಯಾಂಕಿನವರು ಫೋನ್ ಮೇಲೆ ಫೋನ್ ಮಾಡಿ, ರಿಸರ್ವ್ ಬ್ಯಾಂಕ್ ಹೊಸ ರೂಲ್ಸ್ ಮಾಡಿದೆ, ವರ್ಷ ಮುಗಿಯೋದರೊಳಗೆ ಹೊಸ ಅಗ್ರಿಮೆಂಟ್ ಆಗಬೇಕು ಅಂತ ಅಪ್ಪನನ್ನು ಕರೆಸಿದ್ದರು. ನಾನೂ ಜೊತೆಗಿದ್ದೆ. ಛಾಪಾ ಕಾಗದ, ಅದರ ಹಿಂದೆ ಪುಟಗಟ್ಟಲೆ ಇಂಗ್ಲಿಷು, ಸಹಿ ಮಾಡೋ ಕಡೆಯೆಲ್ಲ ಪೆನ್ಸಿಲ್ ಗುರುತು. "ಸುಮ್ನೆ ಸೈನ್ ಮಾಡಿ ಸಾರ್, ಎಲ್ಲರದ್ದೂ ಇದೇ." ಆಗ ನಾನೇ ಕೇಳಿದ್ದೆ, ನಾಮಿನಿ ಎಲ್ಲ ಸರಿ ಇದೆಯಾ ಅಂತ. "ಎಲ್ಲ ಸಿಸ್ಟಂನಲ್ಲಿದೆ" ಅಂದಿದ್ದರು. ಈಗ ಅದನ್ನು ನೆನಪಿಸಿದರೆ ಬಂದ ಉತ್ತರ ಕೇಳಿ: "ಸಿಸ್ಟಂನಲ್ಲಿದೆ ಅಂದಿದ್ದು ಅಕೌಂಟ್‌ದು ಸಾರ್." ಕ್ಯೂನಲ್ಲಿ ನಿಂತವರೆಲ್ಲ ನೋಡ್ತಿದ್ದಾರೆ, ಅಮ್ಮ ಕೀ ಹಿಡಿದುಕೊಂಡು ನಿಂತಿದ್ದಾರೆ. ಏನು ಹೇಳೋದು?

ನಾಮಿನಿ ಇದ್ದಿದ್ದರೆ ಡೆತ್ ಸರ್ಟಿಫಿಕೇಟು, ಗುರುತಿನ ಚೀಟಿ ಕೊಟ್ಟು, ಇಬ್ಬರು ಸಾಕ್ಷಿಗಳ ಎದುರು ಒಳಗಿರೋದರ ಪಟ್ಟಿ ಮಾಡಿಸಿ ತಗೊಂಡು ಬರಬಹುದಿತ್ತು. ಕಾಗದ ಸರಿ ಇದ್ದರೆ ಹದಿನೈದು ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ರೂಲ್ಸೇ ಇದೆ. ನಮಗೆ? ನಾಡಕಚೇರಿಯಿಂದ ವಂಶವೃಕ್ಷ ತನ್ನಿ, ವಾರಸುದಾರರೆಲ್ಲರ ಸಹಿ ತನ್ನಿ. ಅಕ್ಕ ದುಬೈನಲ್ಲಿದ್ದಾಳೆ, ಅವಳು ರಜಾ ಹಾಕಿ ಬರೋವರೆಗೂ ಅಮ್ಮನ ಒಡವೆ ಬ್ಯಾಂಕಿನಲ್ಲೇ.

ಕೆಲವರು ನಾಮಿನಿ ಬರೆದರೆ ಅವರೇ ಹೊಡೆದುಕೊಂಡು ಹೋಗ್ತಾರೆ ಅಂತ ಹೆದರಿ ಬರೆಯೋದಿಲ್ಲ. ಹಾಗಲ್ಲ. ನಾಮಿನಿ ಮಾಲೀಕನಲ್ಲ, ವಾರಸುದಾರರ ಪರವಾಗಿ ಇಟ್ಟುಕೊಳ್ಳೋನು ಅಷ್ಟೇ. ಅಕ್ಕತಂಗಿಯರ ಪಾಲು ಎಲ್ಲಿಗೂ ಹೋಗಲ್ಲ.

ಅಗ್ರಿಮೆಂಟ್ ಕಾಪಿ ಕೂಡ ಅಪ್ಪನಿಗೆ ಕೊಟ್ಟಿರಲಿಲ್ಲ. ಒಂದು ಪ್ರತಿ ನಮಗೆ ಕೊಡಲೇಬೇಕು. ಜಗಳ ಆಡಿ ತಗೊಂಡು ಓದಿದರೆ ಇನ್ನೊಂದು ಬಾಂಬ್. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿ ಮೋಸ, ಇದರಿಂದ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು ಮಾತ್ರ. ನಮ್ಮ ಬಾಡಿಗೆ 2,000 ರೂಪಾಯಿ. ಅಂದರೆ 2 ಲಕ್ಷ. ಈಗಿನ ಚಿನ್ನದ ರೇಟಿಗೆ ಅಮ್ಮನ ಅವಲಕ್ಕಿ ಸರಕ್ಕೇ ಅದು ಸಾಲಲ್ಲ. ಪ್ರವಾಹ, ಭೂಕಂಪ, ಸಿಡಿಲಿಗೆ ಅದೂ ಇಲ್ಲ. "ಒಳಗೆ ಏನಿಟ್ಟಿದ್ದೀರಿ ಅಂತ ನಮಗೆ ಗೊತ್ತೇ ಇರಲ್ಲ ಸಾರ್, ಹೇಗೆ ಕೊಡೋದು?" ಅಂದರು. ಬಾಡಿಗೆ ತಗೊಳ್ಳುವಾಗ ಈ ಮಾತು ಇರಲಿಲ್ಲ!

ಕೊನೆಗೆ ಅಕ್ಕ ಬಂದಳು, ಲಾಕರ್ ತೆಗೆದೆವು. ಒಡವೆ ನೆಟ್ಟಗಿತ್ತು. ತೋಟದ ಕ್ರಯಪತ್ರ ಮಾತ್ರ ತೇವಕ್ಕೆ ಪುಟಕ್ಕೆ ಪುಟ ಅಂಟಿಕೊಂಡು, ಬಿಡಿಸಿದರೆ ಹರಿಯೋ ಹಾಗೆ ಆಗಿತ್ತು. ಲಾಕರ್ ರೂಮು ಬೇಸ್‌ಮೆಂಟಿನಲ್ಲಿ, ಗೋಡೆ ಬೆವರ್ತಾ ಇತ್ತು. ತೋರಿಸಿದರೆ "ಮಳೆಗಾಲ ಅಲ್ವಾ ಸಾರ್" ಅಂದರು. ಇಡೀ ಆಗಸ್ಟ್ ಮಳೆ ಹೊಯ್ಯೋ ಊರಲ್ಲಿ ಇದೊಂದು ಉತ್ತರ! ಗೋಡೆ ಒಸರೋದು ಪ್ರವಾಹನಾ?

ಆದ್ದರಿಂದ ಗಂಡ ಹೆಂಡತಿ ಜಂಟಿಯಾಗಿ, ಒಬ್ಬರು ಹೋದರೆ ಉಳಿದವರು ತೆಗೆಯೋ ಹಾಗೆ ಲಾಕರ್ ಮಾಡಿಸಿ. ನಾಮಿನಿ ಫಾರಂ ಕೊಟ್ಟ ಮೇಲೆ ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. 2025ರ ನವೆಂಬರ್‌ನಿಂದ ನಾಲ್ಕು ಹೆಸರವರೆಗೂ ಕೊಡಬಹುದು, ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು, ಹೀಗೆ ಸಾಲಾಗಿ. ಒಡವೆಯ ಫೋಟೋ, ಬಿಲ್ಲು ಮನೆಯಲ್ಲಿರಲಿ. ವಿಮೆ ಬೇಕಾದರೆ ಹೊರಗೆ ಮಾಡಿಸಿ, ಲಾಕರ್ ಒಳಗಿನ ವಸ್ತುಗಳಿಗೆ ವಿಮೆ ಮಾರೋ ಹಾಗಿಲ್ಲ ಬ್ಯಾಂಕು.

ನಾನು ದೂರು ಬರೆದು ಕೊಟ್ಟು, ಕಾಪಿ ಮೇಲೆ ಸೀಲ್ ಹಾಕಿಸಿಕೊಂಡೇ ಬಂದಿದ್ದೇನೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹಾಕ್ತೀನಿ.